ಹಾವು ಕಡಿತ: 200 ಪುಟದ ಮಾರ್ಗಸೂಚಿಯಿಂದ ಹಾಸಿಗೆ ಪಕ್ಕದ ಒಂದು ಹಾಳೆ ಮಾಡುವುದು ಹೇಗೆ?

ಮುಂಗಾರಿನಲ್ಲಿ ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಹೊಲಗಳಲ್ಲಿ ಹೆಸರು ಬಿಡಿಸುವ ಹೊತ್ತಿಗೆ ಸರ್ಕಾರಿ ಆಸ್ಪತ್ರೆಗಳಿಗೆ ಹಾವು ಕಡಿದವರು ಬರುವುದು ಹೆಚ್ಚಾಗುತ್ತದೆ. ಕುಂದಗೋಳದ ಮೆಣಸಿನಕಾಯಿ ಹೊಲ ಇರಲಿ, ಕಲಘಟಗಿಯ ಗೋವಿನಜೋಳ, ಭತ್ತದ ಗದ್ದೆ ಇರಲಿ, ಕತೆ ಬೇರೆ ಅಲ್ಲ. ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ವರ್ಷಕ್ಕೆ ಸರಾಸರಿ 58,000. ಹೆಚ್ಚಿನವರು ಹಳ್ಳಿಯವರು. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಚಿಕಿತ್ಸೆ ಹೇಗೆ ಕೊಡಬೇಕು ಎಂಬುದು ಬರವಣಿಗೆಯಲ್ಲಿ ಇಲ್ಲ ಎನ್ನುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಕಚೇರಿ 2016ರಲ್ಲಿ ಹೊರತಂದ ಮಾರ್ಗಸೂಚಿ ಸುಮಾರು 200 ಪುಟ ಇದೆ. ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲಿ ತನ್ನದೇ ಪ್ರಮಾಣಿತ ಚಿಕಿತ್ಸಾ ಮಾರ್ಗಸೂಚಿ ಕೊಟ್ಟಿದೆ. ಎರಡೂ ಒಳ್ಳೆಯವೇ. ಆದರೆ ರಾತ್ರಿ ಪಾಳಿಯಲ್ಲಿ ಒಬ್ಬ ಡಾಕ್ಟರ್, ಇಬ್ಬರು ನರ್ಸ್ ಇರುವ ತಾಲ್ಲೂಕು ಆಸ್ಪತ್ರೆಯಲ್ಲಿ, ಬಾಗಿಲಲ್ಲಿ ಹತ್ತು ಜನ ನಿಂತಿರುವಾಗ, ಅವನ್ನು ತೆರೆದು ಓದಲು ಆಗುವುದಿಲ್ಲ. ಈ ಭಾಗದ ಆಸ್ಪತ್ರೆಗಳಲ್ಲಿ ಅಂಥ ಪಾಳಿಗಳನ್ನು ಮಾಡಿದವನಾಗಿ, ಮಾರ್ಗಸೂಚಿಯನ್ನು ಒಂದು ಹಾಳೆಯ ಚಾರ್ಟ್ ಮಾಡುವ ಕೆಲಸದಲ್ಲಿ ಕೂತವನಾಗಿ, ಆ ಕೆಲಸ ನಿಜವಾಗಿ ಏನು ಬೇಡುತ್ತದೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಈ ಚಾರ್ಟ್ ತರಬೇತಿ ಪಡೆದ ಸಿಬ್ಬಂದಿಗಾಗಿ. ಮನೆಯವರು ಮಾಡಬೇಕಾದದ್ದು ಇಷ್ಟೇ: ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಕೈಕಾಲು ಅಲುಗಾಡದಂತೆ ಇಟ್ಟು 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಹೊರಡಿ.

ಸಾರಾಂಶ ಅಲ್ಲ, ತೀರ್ಮಾನಗಳು

ಚಾರ್ಟ್ ಅಂದ್ರೆ ಮಾರ್ಗಸೂಚಿಯ ಸಾರಾಂಶ ಎಂದು ಅನೇಕರು ತಿಳಿದಿದ್ದಾರೆ. ಪ್ರತಿ ಅಧ್ಯಾಯದಿಂದ ಎರಡು ಸಾಲು ತೆಗೆದು ಬಾಕ್ಸಿನಲ್ಲಿ ಹಾಕಿ ಬಾಣ ಎಳೆದರೆ ಆಯಿತು ಎನ್ನುವ ಲೆಕ್ಕ. ಹಾಗೆ ಮಾಡಿದ ಚಾರ್ಟ್ ಗೋಡೆಯ ಮೇಲೆ ಚಂದ ಕಾಣುತ್ತದೆ, ಆದರೆ ಕೆಲಸಕ್ಕೆ ಬರುವುದಿಲ್ಲ. ಯಾಕಂದ್ರೆ ಮಾರ್ಗಸೂಚಿಯ ಜೋಡಣೆಯೇ ಬೇರೆ. ಅದು ಹಾವುಗಳಿಂದ ಶುರುವಾಗುತ್ತದೆ: ನಾಗರಹಾವು, ಕಟ್ಟುಹಾವು, ಕೊಳಕಮಂಡಲ, ಗರಗಸ ಮಂಡಲ. ಪ್ರತಿಯೊಂದರ ವಿಷ ಏನು ಮಾಡುತ್ತದೆ ಎಂದು ವಿವರಿಸಿ ಆಮೇಲೆ ಚಿಕಿತ್ಸೆಗೆ ಬರುತ್ತದೆ. ಹಾಸಿಗೆಯ ಮೇಲಿರುವ ರೋಗಿಗೆ ಯಾವ ಹಾವು ಕಡಿದಿದೆ ಎಂಬುದು ಬಹಳ ಸಲ ಯಾರಿಗೂ ಗೊತ್ತಿರುವುದಿಲ್ಲ. "ಕತ್ತಲ್ಯಾಗ ಕಾಣಲಿಲ್ರೀ, ಸರ್ ಅಂತ ಹೋತು" ಎನ್ನುತ್ತಾರೆ.

ಹಾಗಾಗಿ ನಾವು ಮೊದಲು ಮಾಡಿದ್ದು ಮಾರ್ಗಸೂಚಿಯ ಪ್ರತಿ ವಾಕ್ಯಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕುವ ಕೆಲಸ. ವಾಕ್ಯಗಳನ್ನು ಮೂರು ಗುಂಪು ಮಾಡಿದೆವು. ಎಲ್ಲ ರೋಗಿಗೂ ಈಗಲೇ ಮಾಡಬೇಕಾದದ್ದು ಒಂದು. ಏನಾದರೂ ಕಂಡರೆ ಮಾತ್ರ ಮಾಡಬೇಕಾದದ್ದು ಎರಡು. ತಿಳಿದಿದ್ದರೆ ಒಳ್ಳೆಯದು, ಆದರೆ ಈ ಗಂಟೆಯಲ್ಲಿ ಕೈ ಬದಲಿಸುವುದಿಲ್ಲ ಎನ್ನುವುದು ಮೂರು. ಮೂರನೇ ಗುಂಪೇ ದೊಡ್ಡದು. ಅದು ಪೂರ್ತಿ ಹಾಳೆಯಿಂದ ಹೊರಗೆ ಹೋಯಿತು. ಹಾವಿನ ಗುರುತು, ವಿಷದ ರಸಾಯನ, ಕಚ್ಚಿದ ಜಾಗದ ಗಾಯದ ಆರೈಕೆ, ಟೆಟನಸ್ ಇಂಜೆಕ್ಷನ್ ಎಲ್ಲವೂ ಹಿಂಬದಿಗೆ.

ಹಾವಿನ ಗುರುತನ್ನು ಬಿಡಲು ಧೈರ್ಯ ಬಂದದ್ದು ಒಂದು ಕಾರಣಕ್ಕೆ. ಭಾರತದಲ್ಲಿ ಸಿಗುವ ವಿಷನಿರೋಧಕ, ಎಲ್ಲರೂ ಎಎಸ್‌ವಿ ಎನ್ನುವ ಔಷಧ, ಈ ನಾಲ್ಕೂ ಹಾವುಗಳ ವಿಷಕ್ಕೆ ಸೇರಿಸಿ ಮಾಡಿದ್ದು. ಯಾವ ಹಾವು ಎಂದು ಗೊತ್ತಾದರೂ ಬಾಟಲಿ ಬದಲಾಗುವುದಿಲ್ಲ. ಬದಲಾಗುವುದು ಏನು ಕಾಯಬೇಕು ಎಂಬುದು. ರಕ್ತ ಕೆಡುತ್ತಿದೆಯೇ, ಉಸಿರು ಕೆಡುತ್ತಿದೆಯೇ? ಚಾರ್ಟ್ ಕವಲೊಡೆಯಬೇಕಾದದ್ದು ಅಲ್ಲಿ.

ಹಾಳೆಯ ಮೇಲೆ ಏನಿದೆ

ಬಾಕ್ಸುಗಳ ಕ್ರಮಕ್ಕೆ ಒಂದೇ ನಿಯಮ ಇಟ್ಟುಕೊಂಡೆವು: ಯಾವುದು ಬೇಗ ಕೊಲ್ಲುತ್ತದೋ ಅದು ಮೇಲೆ. ಪ್ರತಿ ಬಾಕ್ಸಿನಲ್ಲಿ ಕಣ್ಣಿಗೆ ಕಾಣುವ ಅಥವಾ ಎಣಿಸಬಹುದಾದ ಒಂದೇ ಪ್ರಶ್ನೆ. ಕೊನೆಗೆ ಉಳಿದದ್ದು ಇದು:

1. ಉಸಿರಾಟ ಸರಿ ಇದೆಯೇ? ಇಲ್ಲವಾದರೆ ಆಕ್ಸಿಜನ್, ಆಂಬು ಬ್ಯಾಗ್, ಟ್ಯೂಬ್. ಉಳಿದದ್ದೆಲ್ಲ ಆಮೇಲೆ.
2. ಕಟ್ಟು ಬಿಗಿದಿದ್ದಾರೆಯೇ? ಐವಿ ಲೈನ್ ಹಾಕಿ, ಎಎಸ್‌ವಿ ಮತ್ತು ಆಂಬು ಬ್ಯಾಗ್ ಕೈಗೆ ಸಿಗುವಂತೆ ಇಟ್ಟ ಮೇಲೆಯೇ ನಿಧಾನಕ್ಕೆ ಸಡಿಲಿಸಿ.
3. ಹೊಸ ಗಾಜಿನ ಟ್ಯೂಬಿನಲ್ಲಿ 2 ಮಿ.ಲೀ. ರಕ್ತ. ಸಮಯ ಬರೆಯಿರಿ. 20 ನಿಮಿಷ ಮುಟ್ಟಬೇಡಿ.
4. ಇವುಗಳಲ್ಲಿ ಒಂದಾದರೂ ಇದೆಯೇ: ರೆಪ್ಪೆ ಜೋಲುವುದು, ನುಂಗಲು ಕಷ್ಟ, ಒಸಡು ಅಥವಾ ಮೂತ್ರದಲ್ಲಿ ರಕ್ತ, ಟ್ಯೂಬಿನ ರಕ್ತ ಹೆಪ್ಪುಗಟ್ಟದಿರುವುದು, ಬೇಗ ಏರುತ್ತಿರುವ ಬಾವು, ಬಿಪಿ ಕುಸಿತ, ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಾರಣವಿಲ್ಲದ ಹೊಟ್ಟೆನೋವು?
5. ಒಂದೂ ಇಲ್ಲ: ಎಎಸ್‌ವಿ ಬೇಡ. 24 ಗಂಟೆ ನಿಗಾ. ಮೊದಲ 3 ಗಂಟೆ ಗಂಟೆಗೊಮ್ಮೆ, ಆಮೇಲೆ 6 ಗಂಟೆಗೊಮ್ಮೆ ಟ್ಯೂಬ್ ಪರೀಕ್ಷೆ. ಕಂಡ ಕೂಡಲೇ 6ಕ್ಕೆ.
6. ಒಂದಾದರೂ ಇದೆ: ಎಎಸ್‌ವಿ 10 ವಯಲ್, ಸಲೈನಿನಲ್ಲಿ, ಸುಮಾರು ಒಂದು ಗಂಟೆಯಲ್ಲಿ. ಮಕ್ಕಳಿಗೂ 10. ಟೆಸ್ಟ್ ಡೋಸ್ ಬೇಡ. ಮೊದಲ 15 ನಿಮಿಷ ಹಾಸಿಗೆ ಬಿಟ್ಟು ಕದಲಬೇಡಿ.
7. ತುರಿಕೆ, ದದ್ದು, ನಡುಕ, ಉಬ್ಬಸ, ಬಿಪಿ ಇಳಿತ ಬಂತೇ? ಎಎಸ್‌ವಿ ನಿಲ್ಲಿಸಿ. ಅಡ್ರಿನಲಿನ್ 0.5 ಮಿ.ಗ್ರಾಂ. ತೊಡೆಯ ಸ್ನಾಯುವಿಗೆ, ಮಕ್ಕಳಿಗೆ ಕೆ.ಜಿ.ಗೆ 0.01 ಮಿ.ಗ್ರಾಂ. ಸುಧಾರಿಸಿದ ಮೇಲೆ ನಿಧಾನವಾಗಿ ಮತ್ತೆ ಶುರು.
8. ಮುಂದಿನ ಡೋಸ್: ರಕ್ತದ ತೊಂದರೆಗೆ 6 ಗಂಟೆಯ ಪರೀಕ್ಷೆ ನೋಡಿ. ಉಸಿರಿನ ತೊಂದರೆಗೆ 1ರಿಂದ 2 ಗಂಟೆಯಲ್ಲಿ ನೋಡಿ.
9. ಹುಬ್ಬಳ್ಳಿಗೆ ಕಳಿಸುವುದು: ಮೂತ್ರ ಕಡಿಮೆ, ಉಸಿರಿಗೆ ಯಂತ್ರ ಬೇಕು, ರಕ್ತಸ್ರಾವ ನಿಲ್ಲುತ್ತಿಲ್ಲ, ಅಥವಾ ಔಷಧ ಸಾಲದು. ಮೊದಲ ಡೋಸ್ ಶುರು ಮಾಡದೆ ಕಳಿಸಬೇಡಿ.

ನಾಲ್ಕನೇ ಬಾಕ್ಸಿನ ಕೊನೆಯ ಮಾತು ವಿಚಿತ್ರ ಅನಿಸಬಹುದು. ಹೊಟ್ಟೆನೋವಿಗೂ ಹಾವಿಗೂ ಏನು ಸಂಬಂಧ? ಕಟ್ಟುಹಾವು ರಾತ್ರಿ ಮಲಗಿದವರನ್ನು ಕಡಿಯುತ್ತದೆ. ಹಲ್ಲಿನ ಗುರುತು ಕಾಣದೇ ಇರಬಹುದು, ನೋವು, ಬಾವು ಇಲ್ಲದೇ ಇರಬಹುದು. ನಸುಕಿನಲ್ಲಿ ಹೊಟ್ಟೆನೋವು, ವಾಂತಿ ಎಂದು ಬಂದವರಿಗೆ ಗ್ಯಾಸಿನ ಇಂಜೆಕ್ಷನ್ ಕೊಟ್ಟು ಕಳಿಸಿದರೆ ಬೆಳಗಾಗುವಷ್ಟರಲ್ಲಿ ರೆಪ್ಪೆ ಬಿದ್ದು ಉಸಿರು ನಿಲ್ಲಬಹುದು. ಮಾರ್ಗಸೂಚಿಯನ್ನು ಸಣ್ಣದು ಮಾಡುವಾಗ ಮೊದಲು ಬಿದ್ದುಹೋಗುವುದು ಇಂಥ ಅಪರೂಪದ ಸಾಲು. ಹಾಳೆಯಲ್ಲಿ ಅದಕ್ಕೆ ಜಾಗ ಉಳಿಸಿಕೊಳ್ಳಲೇಬೇಕು. ಸಾಮಾನ್ಯ ಕಾಯಿಲೆಯ ಹಾಗೆ ಕಾಣುವುದಕ್ಕೇ ಚಾರ್ಟಿನ ನೆನಪು ಹೆಚ್ಚು ಬೇಕು.

ಗಾಜಿನ ಟ್ಯೂಬ್ ಎಂಬ ಒಂದು ಪದ

ಮೂರನೇ ಬಾಕ್ಸಿನಲ್ಲಿ "ಹೊಸ ಗಾಜಿನ" ಎಂಬ ಎರಡು ಪದಗಳನ್ನು ತೆಗೆದರೆ ಇಡೀ ಚಾರ್ಟ್ ದಾರಿ ತಪ್ಪುತ್ತದೆ. ಮಂಡಲದ ಹಾವಿನ ವಿಷ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ತಿಂದು ಹಾಕುತ್ತದೆ. ಇದನ್ನು ಲ್ಯಾಬ್ ಇಲ್ಲದೆ ತಿಳಿಯುವ ಉಪಾಯವೇ ಈ 20 ನಿಮಿಷದ ಪರೀಕ್ಷೆ. ಟ್ಯೂಬನ್ನು ಒಮ್ಮೆ ವಾಲಿಸಿದಾಗ ರಕ್ತ ಗಟ್ಟಿಯಾಗಿ ನಿಂತರೆ ಸರಿ, ನೀರಿನಂತೆ ಹರಿದರೆ ವಿಷ ಏರಿದೆ ಎಂದು ಅರ್ಥ.

ಆದರೆ ಹೆಪ್ಪುಗಟ್ಟುವ ಕ್ರಿಯೆಗೆ ಚಾಲನೆ ಕೊಡುವುದು ಗಾಜಿನ ಮೇಲ್ಮೈ. ಪ್ಲಾಸ್ಟಿಕ್ ಟ್ಯೂಬಿನಲ್ಲಿ, ಅಥವಾ ಸೋಪಿನ ಪುಡಿಯಿಂದ ತೊಳೆದು ಮತ್ತೆ ಬಳಸಿದ ಗಾಜಿನಲ್ಲಿ, ಆರೋಗ್ಯವಂತನ ರಕ್ತವೂ 20 ನಿಮಿಷಕ್ಕೆ ಹೆಪ್ಪುಗಟ್ಟದೇ ಇರಬಹುದು. ಆಗ ವಿಷವಿಲ್ಲದ ಹಾವು ಕಡಿದವನಿಗೂ 10 ವಯಲ್ ಹೋಗುತ್ತದೆ. ಎಎಸ್‌ವಿ ಕುದುರೆಯ ರಕ್ತದಿಂದ ಮಾಡಿದ ಔಷಧ. ಅದರ ಅಲರ್ಜಿಯೇ ಜೀವಕ್ಕೆ ಎರವಾಗಬಹುದು. ಇನ್ನೊಂದು ಕಡೆ, 20 ನಿಮಿಷಕ್ಕೆ ಮುಂಚೆ ಅಲುಗಾಡಿಸಿ ನೋಡುವುದು, ಗಡಿಯಾರ ನೋಡದೆ ಅಂದಾಜಿನಲ್ಲಿ ಓದುವುದು. ಪರೀಕ್ಷೆ ಸರಿಯಾಗಿ ಮಾಡದ ವಾರ್ಡುಗಳಲ್ಲಿ ರಕ್ತ ಕೆಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಅದು ಹಿಡಿಯಲಿಲ್ಲ ಎಂದು ಶ್ರೀಲಂಕಾದ ಒಂದು ಅಧ್ಯಯನ ತೋರಿಸಿತು. ತರಬೇತಿ ಪಡೆದವರು ಅಚ್ಚುಕಟ್ಟಾಗಿ ಮಾಡಿದಾಗ ಹತ್ತರಲ್ಲಿ ಎಂಟನ್ನು ಹಿಡಿಯಿತು.

ಹೀಗಾಗಿ ಟ್ಯೂಬಿನ ಬಾಕ್ಸಿಗೆ ಒಂದು ಸಣ್ಣ ಅಡಿಟಿಪ್ಪಣಿ ಇದೆ: ಅನುಮಾನ ಬಂದರೆ ಜೊತೆಗೆ ಬಂದವರೊಬ್ಬರ ರಕ್ತ 2 ಮಿ.ಲೀ. ತೆಗೆದು, ಅಂಥದ್ದೇ ಟ್ಯೂಬಿನಲ್ಲಿ ಪಕ್ಕದಲ್ಲಿಡಿ. ಅದೂ ಹೆಪ್ಪುಗಟ್ಟದಿದ್ದರೆ ದೋಷ ಟ್ಯೂಬಿನದು, ರೋಗಿಯದಲ್ಲ.

ಒಂದು ಪ್ರಕರಣ, ಗಂಟೆ ಗಂಟೆಗೆ

ಚಾರ್ಟ್ ಹೇಗೆ ನಡೆಯುತ್ತದೆ ನೋಡಲು ಒಂದು ಕಲ್ಪಿತ ಪ್ರಕರಣ ತೆಗೆದುಕೊಳ್ಳೋಣ. ನವಲಗುಂದದ ಹತ್ತಿರದ ಹಳ್ಳಿ. 45 ವರ್ಷದ ಹೆಣ್ಣುಮಗಳು. ಸಂಜೆ 5:30ಕ್ಕೆ ಹೆಸರಿನ ಹೊಲದಲ್ಲಿ ಪಾದಕ್ಕೆ ಕಡಿತ. ಮೊಣಕಾಲಿನ ಕೆಳಗೆ ಸೀರೆ ಅಂಚು ಹರಿದು ಬಿಗಿಯಾಗಿ ಕಟ್ಟಿದ್ದಾರೆ. ಆಸ್ಪತ್ರೆ ಮುಟ್ಟಿದ್ದು 6:40.

ಮಾತಾಡುತ್ತಿದ್ದಾರೆ, ಉಸಿರು ಸರಿ: ಒಂದನೇ ಬಾಕ್ಸ್ ದಾಟಿತು. ಲೈನ್ ಹಾಕಿ, ಎಎಸ್‌ವಿ ಹತ್ತಿರ ತಂದಿಟ್ಟು ಕಟ್ಟು ಸಡಿಲಿಸಿದರು. ಅದನ್ನು ಒಮ್ಮೆಲೇ ಬಿಚ್ಚಿದರೆ ಕೆಳಗೆ ತಡೆದು ನಿಂತಿದ್ದ ವಿಷ ಒಮ್ಮೆಗೇ ಮೇಲೇರಿ ಬಿಪಿ ಕುಸಿಯಬಹುದು. 6:55ಕ್ಕೆ ಟ್ಯೂಬಿಗೆ ರಕ್ತ. 7:15ಕ್ಕೆ ವಾಲಿಸಿ ನೋಡಿದರೆ ನೀರಿನಂತೆ ಹರಿಯಿತು. ಬಾವು ಹಿಮ್ಮಡಿ ದಾಟಿದೆ. 7:25ಕ್ಕೆ 10 ವಯಲ್ ಶುರುವಾಗಿ 8:25ಕ್ಕೆ ಮುಗಿಯಿತು.

ಇಲ್ಲಿಂದ ಮುಂದೆ ಚಾರ್ಟಿನ ನಿಜವಾದ ಪರೀಕ್ಷೆ. ರಾತ್ರಿ ಪಾಳಿಯವರು ಬಂದರು. 9:30ಕ್ಕೆ ಯಾರೋ ಇನ್ನೊಮ್ಮೆ ರಕ್ತ ತೆಗೆದು ನೋಡಿದರು, ಇನ್ನೂ ಹರಿಯುತ್ತಿದೆ. ಮಗ ಗಾಬರಿಯಾಗಿ ಕೇಳುತ್ತಾನೆ: "ರಗತ ಇನ್ನೂ ನೀರಾಗೇ ಐತೆಲ್ರೀ ಡಾಕ್ಟ್ರ, ಇನ್ನೊಂದು ಬಾಟ್ಲಿ ಹಚ್ರೆಲಾ?" ಈ ಕ್ಷಣದಲ್ಲಿ ಇನ್ನೂ 10 ವಯಲ್ ಹಾಕುವುದು ಸಹಜ. ಆದರೆ ಅದರಿಂದ ಉಪಯೋಗ ಇಲ್ಲ. ಎಎಸ್‌ವಿ ವಿಷವನ್ನು ಹಿಡಿದು ಹಾಕುತ್ತದೆ, ಕಳೆದುಹೋದ ಹೆಪ್ಪುಗಟ್ಟಿಸುವ ಅಂಶಗಳನ್ನು ಮರಳಿ ಕೊಡುವುದಿಲ್ಲ. ಅವನ್ನು ಹೊಸದಾಗಿ ಮಾಡುವುದು ಯಕೃತ್ತು. ಅದಕ್ಕೆ ಸುಮಾರು 6 ಗಂಟೆ ಬೇಕು. 9:30ರ ಟ್ಯೂಬ್ ಔಷಧ ಸಾಲಲಿಲ್ಲ ಎಂದು ಹೇಳುತ್ತಿಲ್ಲ, ಯಕೃತ್ತು ಇನ್ನೂ ಕೆಲಸದಲ್ಲಿದೆ ಎಂದು ಮಾತ್ರ ಹೇಳುತ್ತಿದೆ.

ಮಾರ್ಗಸೂಚಿಯಲ್ಲಿ ಇದು ಒಂದು ಸಾಲು. ಚಾರ್ಟಿನಲ್ಲಿ ಅದನ್ನು ಸಾಲಾಗಿ ಬರೆದರೆ ಸಾಲದು. ಎಂಟನೇ ಬಾಕ್ಸಿನಲ್ಲಿ ನಾವು ಒಂದು ಖಾಲಿ ಜಾಗ ಬಿಟ್ಟೆವು: "ಡೋಸ್ ಮುಗಿದದ್ದು ____. ಮುಂದಿನ ಪರೀಕ್ಷೆ ____. ಅಲ್ಲಿಯವರೆಗೆ ಟ್ಯೂಬ್ ನೋಡಿ ಎಎಸ್‌ವಿ ಕೊಡಬೇಡಿ." ಒಬ್ಬರು ಡೋಸ್ ಶುರುವಾದ ಸಮಯದಿಂದ, ಇನ್ನೊಬ್ಬರು ಮುಗಿದ ಸಮಯದಿಂದ ಎಣಿಸಿದರೆ ಪಾಳಿ ಬದಲಾದಾಗ ಗೊಂದಲ ಖಚಿತ. ಮುಗಿದ ಸಮಯ ಎಂದು ನಾವು ಒಂದೇ ಲೆಕ್ಕ ಇಟ್ಟೆವು. ಈ ಪ್ರಕರಣದಲ್ಲಿ ಬರೆಯುವುದು 8:25 ಮತ್ತು 2:25. ಒಸಡಿನಿಂದ ಜೋರಾಗಿ ರಕ್ತ ಬರತೊಡಗಿದರೆ ಮಾತ್ರ ಗಡಿಯಾರ ಬಿಟ್ಟು ಡಾಕ್ಟರನ್ನು ಎಬ್ಬಿಸಬೇಕು.

2:25ಕ್ಕೆ ತೆಗೆದ ರಕ್ತ 2:45ಕ್ಕೆ ಗಟ್ಟಿಯಾಗಿ ನಿಂತಿತು. ಎರಡನೇ ಡೋಸ್ ಬೇಡ. ಹೆಪ್ಪುಗಟ್ಟದೇ ಇದ್ದಿದ್ದರೆ ಇನ್ನೂ 10, ಮತ್ತೆ 6 ಗಂಟೆ. ಒಟ್ಟು 30 ವಯಲ್ ಮಿತಿ. ಆದರೆ ಇಲ್ಲಿಗೆ ಚಾರ್ಟ್ ಮುಗಿಯುವುದಿಲ್ಲ. ಕಚ್ಚಿದ ಜಾಗದಿಂದ ಉಳಿದ ವಿಷ ನಿಧಾನವಾಗಿ ರಕ್ತಕ್ಕೆ ಸೇರುತ್ತಿರುತ್ತದೆ. ಅದಕ್ಕೇ 6 ಗಂಟೆಗೊಮ್ಮೆ ಪರೀಕ್ಷೆ 24 ಗಂಟೆಯವರೆಗೆ ಮುಂದುವರಿಯಬೇಕು. ಬೆಳಗಿನ ಜಾವ 6 ಗಂಟೆಗೆ ನರ್ಸ್ ಮೂತ್ರದ ಚೀಲ ನೋಡಿದರು: ರಾತ್ರಿಯಿಡೀ ಸೇರಿ 100 ಮಿ.ಲೀ., ಬಣ್ಣ ಕಂದು. ಕೊಳಕಮಂಡಲದ ವಿಷ ಕಿಡ್ನಿಯನ್ನು ಹಿಡಿಯುತ್ತದೆ. ರಕ್ತ ಸರಿಯಾಯಿತು ಎಂದು ನೆಮ್ಮದಿಯಾಗಿ ಕೂತರೆ ಇದು ತಪ್ಪಿಹೋಗುತ್ತಿತ್ತು. ಬಾಣ ಒಂಬತ್ತನೇ ಬಾಕ್ಸಿಗೆ: ಡಯಾಲಿಸಿಸ್ ಇರುವ ಹುಬ್ಬಳ್ಳಿಗೆ. ಜೊತೆಗೆ ಹೋಗುವ ಚೀಟಿಯಲ್ಲಿ ಐದೇ ಸಾಲು: ಕಡಿದ ಸಮಯ, ಕೊಟ್ಟ ವಯಲ್, ಡೋಸ್ ಮುಗಿದ ಸಮಯ, ಕೊನೆಯ ಟ್ಯೂಬ್ ಪರೀಕ್ಷೆ, ಮೂತ್ರದ ಪ್ರಮಾಣ. ಇವು ಇಲ್ಲದಿದ್ದರೆ ಅಲ್ಲಿಯವರು ಎಲ್ಲ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಉಸಿರಿನ ಕವಲು ಯಾಕೆ ಬೇರೆ

ನಾಗರಹಾವು, ಕಟ್ಟುಹಾವಿನ ವಿಷ ನರಕ್ಕೆ. ಅಲ್ಲಿ 6 ಗಂಟೆ ಕಾಯುವ ಮಾತಿಲ್ಲ. "ಮ್ಯಾಲ ನೋಡ್ರಿ ಯಕ್ಕಾ, ರೆಪ್ಪಿ ಎತ್ರಿ" ಎಂದು ಕೇಳುವುದು, "ಒಂದ ಉಸಿರಿನ್ಯಾಗ ಒಂದು, ಎರಡು, ಮೂರು ಎಣಸ್ರಿ" ಎನ್ನುವುದು. ಚಾರ್ಟಿನಲ್ಲಿ ಇವನ್ನು ರೋಗಿಗೆ ಕೇಳುವ ಮಾತಿನಲ್ಲೇ ಬರೆದೆವು, ವೈದ್ಯಕೀಯ ಪದದಲ್ಲಲ್ಲ. 28ರವರೆಗೆ ಎಣಿಸಿದವರು ಮುಂದಿನ ಸಲ 15ಕ್ಕೆ ನಿಂತರೆ ಯಂತ್ರದ ತಯಾರಿ ಶುರುವಾಗಬೇಕು.

ಈ ಕವಲಿನಲ್ಲಿ ಎಎಸ್‌ವಿ 10 ವಯಲ್, 1ರಿಂದ 2 ಗಂಟೆಯಲ್ಲಿ ಸುಧಾರಿಸದಿದ್ದರೆ ಇನ್ನೂ 10. ಮಿತಿ 20. ಜೊತೆಗೆ ಅಟ್ರೋಪಿನ್ 0.6 ಮಿ.ಗ್ರಾಂ., ನಿಯೋಸ್ಟಿಗ್ಮಿನ್ 1.5 ಮಿ.ಗ್ರಾಂ. ಕೊಟ್ಟು ರೆಪ್ಪೆ ಏಳುತ್ತದೆಯೇ ನೋಡುವುದು. ನಾಗರಹಾವಾದರೆ ಬಹಳ ಸಲ ಏಳುತ್ತದೆ. ಕಟ್ಟುಹಾವಾದರೆ ಏಳುವುದು ಕಡಿಮೆ, ಯಾಕಂದ್ರೆ ಅದರ ವಿಷ ನರದ ತುದಿಯನ್ನೇ ಹಾಳು ಮಾಡಿರುತ್ತದೆ. ಅರ್ಧ ಗಂಟೆಗೊಮ್ಮೆ ಮೂರು ಸಲ ನೋಡಿಯೂ ಬದಲಾಗದಿದ್ದರೆ ನಿಲ್ಲಿಸಿ ಎಂದು ಚಾರ್ಟ್ ಹೇಳಬೇಕು. ಅಂಥವರನ್ನು ಉಳಿಸುವುದು ಇನ್ನಷ್ಟು ಎಎಸ್‌ವಿ ಅಲ್ಲ. ದಿನಗಟ್ಟಲೆ ಉಸಿರು ಕೊಡುವುದು, ಅದು ಆಂಬುಲೆನ್ಸಿನಲ್ಲಿ ಆಂಬು ಬ್ಯಾಗ್ ಒತ್ತುವ ಕೈಯಿಂದ ಶುರುವಾಗುತ್ತದೆ.

ಹಾಳೆ ಹೇಳಲಾಗದ್ದು

ಕಲಘಟಗಿಯಿಂದ ಪಶ್ಚಿಮಕ್ಕೆ ಕಾಡು ಶುರು. ಘಟ್ಟದ ಕಡೆ ಹಂಪ್‌ನೋಸ್ಡ್ ಪಿಟ್ ವೈಪರ್ ಎಂಬ ಹಾವು ಇದೆ. ನಮ್ಮ ಎಎಸ್‌ವಿ ಅದರ ವಿಷಕ್ಕೆ ಮಾಡಿದ್ದಲ್ಲ. ಅಂಥ ಕಡೆ ಎರಡು ಡೋಸ್ ನಂತರವೂ ರಕ್ತ ಹರಿಯುತ್ತಲೇ ಇದ್ದರೆ, ಬಾಕ್ಸಿನಿಂದ ಬಾಕ್ಸಿಗೆ ಮತ್ತೆ ಸುತ್ತುವ ಬದಲು ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ ಎಂಬ ಬಾಣ ಬೇಕು. ಎಲ್ಲ ದಾರಿಗೂ ಒಂದು ಕೊನೆ ಇರಬೇಕು. ಸುತ್ತುತ್ತಲೇ ಇರುವ ಬಾಣ ಔಷಧ ಮುಗಿಸುತ್ತದೆ.

ಹಾಳೆ ಸಿದ್ಧವಾದ ಮೇಲೆ ಅದನ್ನು ಬರೆದವರೇ ಓದಿ ಒಪ್ಪುವುದರಲ್ಲಿ ಅರ್ಥವಿಲ್ಲ. ಅದನ್ನು ಹಿಂದೆ ನೋಡಿರದ ನರ್ಸ್ ಒಬ್ಬರಿಗೆ ಮೂರು ಕಾಗದದ ಪ್ರಕರಣ ಕೊಡಿ: ರಕ್ತ ಕೆಟ್ಟವರು, ರೆಪ್ಪೆ ಬಿದ್ದವರು, ಏನೂ ಇಲ್ಲದವರು. ಬೆರಳಿಟ್ಟು ಬಾಕ್ಸಿನಿಂದ ಬಾಕ್ಸಿಗೆ ಹೋಗಲು ಹೇಳಿ. ಬೆರಳು ಎಲ್ಲಿ ನಿಂತು ನಿಮ್ಮ ಮುಖ ನೋಡುತ್ತಾರೋ ಆ ಬಾಕ್ಸ್ ತಪ್ಪಾಗಿದೆ. ನಮ್ಮ ಮೊದಲ ಕರಡಿನಲ್ಲಿ ಬೆರಳು ನಿಂತದ್ದು "ಮಕ್ಕಳಿಗೆ" ಎಂಬಲ್ಲಿ. ಎಲ್ಲ ಔಷಧಕ್ಕೂ ಮಕ್ಕಳ ತೂಕ ನೋಡುವ ರೂಢಿ ಅವರದು. ಎಎಸ್‌ವಿಗೂ ಹಾಗೆಯೇ ಭಾಗಿಸಲು ಹೊರಟರು. ಹಾವು ಮಗುವಿಗೆ ಕಡಿಮೆ ವಿಷ ಬಿಡುವುದಿಲ್ಲ, ಆದ್ದರಿಂದ ವಯಲ್ ಕಡಿಮೆ ಇಲ್ಲ. ಕಡಿಮೆ ಆಗುವುದು ಬೆರೆಸುವ ಸಲೈನ್ ಮಾತ್ರ. "ಮಕ್ಕಳಿಗೂ 10" ಎಂಬುದು ಆರನೇ ಬಾಕ್ಸಿಗೆ ಬಂದದ್ದು ಆ ಬೆರಳಿನಿಂದ.

ಕೊನೆಗೆ ಹಾಳೆಯ ಮೂಲೆಯಲ್ಲಿ ಎರಡು ಸಂಗತಿ ಇರಲಿ: ಯಾವ ಮಾರ್ಗಸೂಚಿಯಿಂದ ತೆಗೆದದ್ದು ಮತ್ತು ಯಾವ ದಿನಾಂಕದ್ದು. ಡೋಸ್, ಮಿತಿಗಳು ಮುಂದಿನ ಆವೃತ್ತಿಯಲ್ಲಿ ಬದಲಾಗಬಹುದು. ದಿನಾಂಕವಿಲ್ಲದ ಚಾರ್ಟ್ ಗೋಡೆಯ ಮೇಲೆ ಹತ್ತು ವರ್ಷ ಇದ್ದರೂ ಅದು ಹಳೆಯದು ಎಂದು ಯಾರಿಗೂ ಗೊತ್ತಾಗುವುದಿಲ್ಲ.